ನೇರಳೆ ಮುಚ್ಚಳ, ನೀಲಿ ಮುಚ್ಚಳ

ಈ ಜೂನ್ ತಿಂಗಳಿಗೆ ನಾನು ಲ್ಯಾಬ್ ಕೆಲಸಕ್ಕೆ ಸೇರಿ 17 ವರ್ಷ ಆಯಿತು. ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಸಣ್ಣ ಲ್ಯಾಬ್. ಮುಂದೆ ಮೂರು ಕುರ್ಚಿ, ಒಳಗೆ ಎರಡು ಮೆಷಿನ್, ಒಂದು ಮೈಕ್ರೋಸ್ಕೋಪ್. ನನಗೆ ಇಲ್ಲಿ ಹೆಸರಿಲ್ಲ. ಕನ್ನಡದವರಿಗೆ ನಾನು 'ರಕ್ತ ತೆಗೆಯುವ ಅಕ್ಕ', ಮಲಯಾಳದವರಿಗೆ 'ಚೇಚಿ', ಉಳಿದವರಿಗೆಲ್ಲ 'ಸಿಸ್ಟರ್'. ನಾನು ನರ್ಸ್ ಅಲ್ಲ ಅಂತ ಮೊದಲ ಎರಡು ವರ್ಷ ತಿದ್ದುತ್ತಿದ್ದೆ. ಆಮೇಲೆ ಬಿಟ್ಟೆ.

ವರ್ಷ ತುಂಬಿದಾಗ ಎಲ್ಲರೂ ಬರೆಯುವ ಹಾಗೆ ಯಾರ್ಯಾರಿಗೋ ವಂದನೆ ಹೇಳಿ ಮುಗಿಸಬಹುದಿತ್ತು. ಅದರಿಂದ ಓದುವವರಿಗೆ ಏನೂ ಸಿಗುವುದಿಲ್ಲ. ಹಾಗಾಗಿ ಈ ಸಲ ಒಂದೇ ಒಂದು ವಿಷಯ ಬರೆಯುತ್ತೇನೆ. ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಲು ಬೇಕಾದ ಸಣ್ಣ ಕಣ, ಅದರ ಲೆಕ್ಕ. ಡೆಂಗ್ಯೂ ಜ್ವರದಲ್ಲಿ ಅದು ಇಳಿಯುತ್ತದೆ. ಮಳೆಗಾಲ ಬಂತೆಂದರೆ ನಮ್ಮ ಊರಿನಲ್ಲಿ ಅಡಿಕೆ ರೇಟಿನಷ್ಟೇ ಜನ ಕೇಳುವ ಸಂಖ್ಯೆ ಅದು. "ಕೌಂಟ್ ಎಷ್ಟುಂಟು?" ಅಂತ ಬಸ್‌ಸ್ಟಾಂಡಿನಲ್ಲೂ ಕೇಳುತ್ತಾರೆ. ಆ ಸಂಖ್ಯೆ ಹೇಗೆ ಸುಳ್ಳಾಗುತ್ತದೆ ಅಂತ ಕಲಿಯಲು ನನಗೆ ಒಂದು ತಪ್ಪು ಬೇಕಾಯಿತು. ಅದನ್ನೇ ಮೊದಲು ಹೇಳುತ್ತೇನೆ.

ಅದು 2011ರ ಜುಲೈ. ಕೆಲಸಕ್ಕೆ ಸೇರಿ ಮೂರು ವರ್ಷ ಆಗಿತ್ತು. ಮಳೆ ಅಂದರೆ ಮಳೆ. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲಿ ನೀರು, ರಬ್ಬರ್ ಮರದ ಚಿಪ್ಪಿನಲ್ಲಿ ನೀರು, ಎಲ್ಲ ಕಡೆ ಪಟ್ಟೆಪಟ್ಟೆ ಸೊಳ್ಳೆ. ದಿನಕ್ಕೆ ಇಪ್ಪತ್ತು ಮೂವತ್ತು ಜನ ಜ್ವರದವರೇ ಬರುತ್ತಿದ್ದರು. ಅವರಲ್ಲಿ ಒಬ್ಬರು ಐವತ್ತು ದಾಟಿದ ಕೃಷಿಕರು. ಎರಡು ದಿನದ ಜ್ವರ, ಸ್ವಲ್ಪ ಮೈಕೈ ನೋವು. ಬೆಳಿಗ್ಗೆ ರಕ್ತ ತೆಗೆದು ಇಟ್ಟೆ. ಸರದಿ ಬಂದು ಮೆಷಿನ್‌ಗೆ ಹಾಕುವಾಗ ಒಂದು ಗಂಟೆಯ ಮೇಲಾಗಿತ್ತು. ಪ್ಲೇಟ್‌ಲೆಟ್ 34,000 ಅಂತ ಬಂತು. ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರಬೇಕಾದದ್ದು ಅದು. ಪ್ರಿಂಟ್ ತೆಗೆದು ಸಹಿ ಹಾಕಿ ಕೊಟ್ಟೆ.

ಮುಂದಿನದ್ದು ನಿಮಗೂ ಊಹೆಯಾಗುತ್ತದೆ. ಅವರ ಮಗ ರಿಪೋರ್ಟ್ ನೋಡಿದ ಕೂಡಲೇ ಜೀಪು ಹಿಡಿದ. ಮಂಗಳೂರಿಗೆ ಐವತ್ತು ಕಿಲೋಮೀಟರ್ ಹತ್ತಿರ. ಅಲ್ಲಿ ಅಡ್ಮಿಟ್ ಆದರು. ರಕ್ತ ಕೊಡಲು ನೆಂಟರು ಸಾಲುಗಟ್ಟಿದರು. ಯಾರೋ ಪಪ್ಪಾಯಿ ಎಲೆಯ ರಸ ಬಾಟಲಿಯಲ್ಲಿ ತುಂಬಿಸಿ ಬಸ್ಸಿನಲ್ಲಿ ಕಳಿಸಿದರು. ಮೊದಲ ದಿನ ಅಲ್ಲಿನ ಮೆಷಿನ್ ಕೂಡ ಕಡಿಮೆಯೇ ತೋರಿಸಿತು. ಎರಡನೆಯ ದಿನ ಅಲ್ಲಿನ ಪೆಥಾಲಜಿ ಡಾಕ್ಟರು ಸ್ಲೈಡ್ ನೋಡಿದರು, ಬೇರೆ ಟ್ಯೂಬಿನಲ್ಲಿ ರಕ್ತ ತೆಗೆಸಿದರು. ಎರಡು ಲಕ್ಷದ ಮೇಲೆ ಇತ್ತು. ಅವರ ಪ್ಲೇಟ್‌ಲೆಟ್ ಯಾವತ್ತೂ ಕಡಿಮೆ ಆಗಿರಲೇ ಇಲ್ಲ.

ಆ ಡಾಕ್ಟರು ಸಂಜೆ ನಮ್ಮ ಲ್ಯಾಬಿಗೆ ಫೋನ್ ಮಾಡಿದರು. ಬೈಯಲಿಲ್ಲ. "ಸ್ಲೈಡ್ ನೋಡಿದ್ರಾ?" ಅಂತ ಮಾತ್ರ ಕೇಳಿದರು. ನೋಡಿರಲಿಲ್ಲ. "ಬಿಳಿ ರಕ್ತಕಣ 12,800 ಅಂತ ಕೊಟ್ಟಿದ್ದೀರಿ. ಡೆಂಗ್ಯೂ ಅಂದುಕೊಂಡರೆ ಅದು ಯಾಕೆ ಜಾಸ್ತಿ ಅಂತ ಅನಿಸಲಿಲ್ವಾ?" ಅನಿಸಿರಲಿಲ್ಲ. ಡೆಂಗ್ಯೂವಿನಲ್ಲಿ ಸಾಮಾನ್ಯವಾಗಿ ಬಿಳಿ ರಕ್ತಕಣವೂ ಇಳಿಯುತ್ತದೆ. ಪ್ಲೇಟ್‌ಲೆಟ್ ಪಾತಾಳದಲ್ಲಿ, ಬಿಳಿ ರಕ್ತಕಣ ಮೇಲೆ. ಒಂದೇ ಕಾಗದದಲ್ಲಿ ಎರಡು ಸಾಲು ಒಂದಕ್ಕೊಂದು ಹೊಂದುತ್ತಿರಲಿಲ್ಲ. ನಾನು ಎರಡನ್ನೂ ಟೈಪ್ ಮಾಡಿದ್ದೆ, ಒಟ್ಟಿಗೆ ಓದಿರಲಿಲ್ಲ.

ಹೀಗೆ ಯಾಕಾಗುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು.

ಕೌಂಟ್‌ಗೆ ರಕ್ತ ತೆಗೆಯುವುದು ನೇರಳೆ ಮುಚ್ಚಳದ ಟ್ಯೂಬಿಗೆ. ಅದರೊಳಗೆ ಇಡಿಟಿಎ ಎಂಬ ರಾಸಾಯನಿಕ ಇರುತ್ತದೆ. ರಕ್ತ ಹೆಪ್ಪುಗಟ್ಟಲು ಕ್ಯಾಲ್ಸಿಯಂ ಬೇಕು. ಇಡಿಟಿಎ ಆ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ರಕ್ತ ನೀರಾಗಿಯೇ ಉಳಿಯುತ್ತದೆ. ಹೆಚ್ಚಿನವರಿಗೆ ಇದರಿಂದ ಏನೂ ತೊಂದರೆ ಇಲ್ಲ. ಆದರೆ ಸುಮಾರು ಸಾವಿರಕ್ಕೆ ಒಬ್ಬರ ರಕ್ತದಲ್ಲಿ ಒಂದು ಬಗೆಯ ಪ್ರತಿಕಾಯ ಇರುತ್ತದೆ. ಇಡಿಟಿಎ ಸೇರಿದಾಗ ಪ್ಲೇಟ್‌ಲೆಟ್‌ನ ಮೇಲ್ಮೈ ಸ್ವಲ್ಪ ಬದಲಾಗುತ್ತದೆ. ಆಗ ಈ ಪ್ರತಿಕಾಯ ಅಂಟಿನ ಹಾಗೆ ಕೆಲಸ ಮಾಡಿ ಅವನ್ನೆಲ್ಲ ಒಂದಕ್ಕೊಂದು ಅಂಟಿಸುತ್ತದೆ. ಇದೆಲ್ಲ ನಡೆಯುವುದು ಟ್ಯೂಬಿನ ಒಳಗೆ ಮಾತ್ರ. ಆ ಮನುಷ್ಯನ ಮೈಯೊಳಗೆ ಪ್ಲೇಟ್‌ಲೆಟ್ ಆರಾಮವಾಗಿ ಓಡಾಡಿಕೊಂಡಿರುತ್ತದೆ. ರೋಗವೇ ಇಲ್ಲ.

ಇನ್ನು ಮೆಷಿನ್ ಹೇಗೆ ಎಣಿಸುತ್ತದೆ ಅಂತ. ನಮ್ಮ ಕಡೆ ತೋಡಿಗೆ ಅಡ್ಡ ಹಾಕುವ ಸಂಕ ನೋಡಿದ್ದೀರಲ್ವಾ? ಕತ್ತಲಲ್ಲಿ ಸಂಕದ ಕೆಳಗೆ ಒಬ್ಬ ಕೂತಿದ್ದಾನೆ ಅಂದುಕೊಳ್ಳಿ. ಮೇಲೆ ಯಾರು ಹೋಗುತ್ತಾರೆ ಅಂತ ಅವನಿಗೆ ಕಾಣುವುದಿಲ್ಲ. ಮರ ಎಷ್ಟು ಬಾಗುತ್ತದೆ ಅಂತ ಮಾತ್ರ ಗೊತ್ತಾಗುತ್ತದೆ. ಸ್ವಲ್ಪ ಬಾಗಿದರೆ ಮಗು, ಜಾಸ್ತಿ ಬಾಗಿದರೆ ದೊಡ್ಡವರು. ಹಾಗೆ ಲೆಕ್ಕ ಬರೆಯುತ್ತಾ ಹೋಗುತ್ತಾನೆ. ಹತ್ತು ಮಕ್ಕಳು ಒಬ್ಬರನ್ನೊಬ್ಬರು ತಬ್ಬಿಕೊಂಡು ಒಟ್ಟಿಗೆ ದಾಟಿದರೆ ಅವನ ಪುಸ್ತಕದಲ್ಲಿ 'ದೊಡ್ಡವರು, ಒಬ್ಬರು' ಅಂತ ಆಗುತ್ತದೆ. ಹತ್ತು ಮಕ್ಕಳು ಲೆಕ್ಕದಿಂದ ಹೋದರು, ಇಲ್ಲದ ಒಬ್ಬ ದೊಡ್ಡವನು ಸೇರಿಕೊಂಡ.

ನಮ್ಮ ಮೆಷಿನ್ ಇದೇ. ರಕ್ತಕ್ಕೆ ತೆಳು ದ್ರಾವಣ ಬೆರೆಸಿ ಒಂದು ಕೂದಲಷ್ಟು ಸಣ್ಣ ತೂತಿನಲ್ಲಿ ಹಾಯಿಸುತ್ತದೆ. ಅದರಲ್ಲಿ ವಿದ್ಯುತ್ ಹರಿಯುತ್ತಿರುತ್ತದೆ. ಒಂದು ಕಣ ದಾಟಿದಾಗ ವಿದ್ಯುತ್ತಿಗೆ ಒಂದು ಚಿಕ್ಕ ತಡೆ. ತಡೆಯ ಗಾತ್ರ ನೋಡಿ ಇದು ಯಾವ ಕಣ ಅಂತ ನಿರ್ಧಾರ. ವ್ಯಾಲೇಸ್ ಕೌಲ್ಟರ್ ಎಂಬವರು ಕಂಡುಹಿಡಿದ ವಿಧಾನ, 1953ರಲ್ಲಿ ಪೇಟೆಂಟ್ ಸಿಕ್ಕಿತು. ಇವತ್ತಿಗೂ ಸಣ್ಣ ಲ್ಯಾಬುಗಳ ಮೆಷಿನ್ ನಡೆಯುವುದು ಹೆಚ್ಚುಕಡಿಮೆ ಇದರ ಮೇಲೆಯೇ. ಅಂಟಿಕೊಂಡ ಪ್ಲೇಟ್‌ಲೆಟ್ ಗುಂಪು ಪ್ಲೇಟ್‌ಲೆಟ್ ಲೆಕ್ಕದಿಂದ ತಪ್ಪಿಹೋಗುತ್ತದೆ. ಗುಂಪು ಸಾಕಷ್ಟು ದೊಡ್ಡದಿದ್ದರೆ ಬಿಳಿ ರಕ್ತಕಣದ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. 34,000 ಮತ್ತು 12,800 ಎರಡೂ ಬಂದದ್ದು ಹೀಗೆ. ಮೆಷಿನ್ ಸುಳ್ಳು ಹೇಳಿರಲಿಲ್ಲ. ಸಂಕ ಎಷ್ಟು ಬಾಗಿತು ಅಂತ ಸರಿಯಾಗಿಯೇ ಹೇಳಿತ್ತು.

ಆ ಫೋನ್ ಬಂದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನ ನಮ್ಮ ಹಿರಿಯ ಟೆಕ್ನಿಶಿಯನ್ ಹತ್ತಿರ ಹೇಳಿಕೊಂಡೆ. ಅವರನ್ನು ನಾವೆಲ್ಲ ಮಾಷ್ಟ್ರು ಅಂತಲೇ ಕರೆಯುವುದು. ಮೆಷಿನ್ ಬರುವ ಮೊದಲು ಎಲ್ಲವನ್ನೂ ಕಣ್ಣಲ್ಲೇ ಎಣಿಸಿದವರು. ಅವರು ಸಮಾಧಾನ ಏನೂ ಹೇಳಲಿಲ್ಲ. "ಹಳೆಯ ಟ್ಯೂಬು ಉಂಟಾ ನೋಡು" ಅಂದರು. ಪುಣ್ಯಕ್ಕೆ ಫ್ರಿಜ್ಜಿನಲ್ಲಿ ಇತ್ತು. ಸ್ಲೈಡ್ ಎಳೆಸಿದರು, ಬಣ್ಣ ಹಾಕಿಸಿದರು. "ನಡುವೆ ನೋಡಬೇಡ ಮಾರಾಯ್ತಿ, ಬಾಲಕ್ಕೆ ಹೋಗು."

ಬಾಲ ಅಂದರೆ, ಸ್ಲೈಡಿನ ಮೇಲೆ ರಕ್ತದ ಹನಿಯನ್ನು ಇನ್ನೊಂದು ಸ್ಲೈಡಿನಿಂದ ಎಳೆದಾಗ ಕೊನೆಯಲ್ಲಿ ತೆಳುವಾಗಿ ಗರಿಯ ಹಾಗೆ ಮುಗಿಯುವ ಅಂಚು. ದೊಡ್ಡ ಗುಂಪುಗಳೆಲ್ಲ ಎಳೆಯುವಾಗ ಜಾರಿಕೊಂಡು ಅಲ್ಲಿಗೆ ಹೋಗಿ ಸೇರುತ್ತವೆ. ನಡುವೆ ಮಾತ್ರ ನೋಡಿದರೆ ಮೆಷಿನ್ ಹೇಳಿದ್ದೇ ಸರಿ ಅನಿಸುತ್ತದೆ, ಯಾಕೆಂದರೆ ಅಲ್ಲಿ ಪ್ಲೇಟ್‌ಲೆಟ್ ನಿಜವಾಗಿಯೂ ಕಾಣುವುದಿಲ್ಲ. ಬಾಲದಲ್ಲಿ ನೋಡಿದೆ. ನೇರಳೆ ಬಣ್ಣದ ಮರಳು ಮುದ್ದೆಮುದ್ದೆಯಾಗಿ ಬಿದ್ದ ಹಾಗೆ. ಒಂದೊಂದು ಮುದ್ದೆಯಲ್ಲಿ ಮೂವತ್ತು, ನಲವತ್ತು, ಎಣಿಸಲು ಆಗದಷ್ಟು. ಎರಡು ದಿನ ಒಂದು ಮನೆಯವರನ್ನು ಅಲೆಸಿದ ಪ್ಲೇಟ್‌ಲೆಟ್ ಎಲ್ಲ ಅಲ್ಲಿ ಗುಂಪು ಕಟ್ಟಿಕೊಂಡು ಕೂತಿತ್ತು.

ಅವತ್ತಿನಿಂದ ನಾನು ಒಂದು ಪದ್ಧತಿ ಇಟ್ಟುಕೊಂಡೆ. ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಕಡಿಮೆ ಬಂದರೆ, ಅದು ಆ ಮನುಷ್ಯನಿಗೆ ಹೊಸ ಸುದ್ದಿಯಾಗಿದ್ದರೆ, ಸ್ಲೈಡ್ ನೋಡದೆ ಕಾಗದ ಹೊರಗೆ ಹೋಗುವುದಿಲ್ಲ. ಹೊರಗೆ ಎಷ್ಟು ಜನ ಇದ್ದರೂ ಸರಿ. "ಮೆಷಿನ್ ಬಂದ ಮೇಲೂ ಇಷ್ಟು ಹೊತ್ತಾ?" ಅಂತ ಕೇಳುತ್ತಾರೆ. ಕೇಳಲಿ.

ಆ ಪದ್ಧತಿ ನಿಜವಾಗಿ ಉಪಯೋಗಕ್ಕೆ ಬಂದದ್ದು ಒಂಬತ್ತು ವರ್ಷದ ಮೇಲೆ. 2020ರ ಏಪ್ರಿಲ್. ಆ ದಿನಗಳು ಕಾಸರಗೋಡಿನವರಿಗೆ ಮರೆಯುವುದಿಲ್ಲ. ಕೊರೊನಾ ಅಂತ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿತ್ತು. ಸಣ್ಣ ಸಣ್ಣ ಒಳದಾರಿಗಳಿಗೂ ಮಣ್ಣು ತಂದು ಸುರಿದಿದ್ದರು. ನಮಗೆ ಆಸ್ಪತ್ರೆ ಅಂದರೆ ಮಂಗಳೂರು. ಹುಟ್ಟುವುದೂ ಅಲ್ಲಿ, ಆಪರೇಷನ್ನೂ ಅಲ್ಲಿ. ಆ ಬಾಗಿಲೇ ಮುಚ್ಚಿದಾಗ ನಾವು ಎಷ್ಟು ದೂರದಲ್ಲಿದ್ದೇವೆ ಅಂತ ಮೊದಲ ಸಲ ಗೊತ್ತಾಯಿತು.

ಆಗ ಒಬ್ಬಳು ಬಸುರಿ ಹೆಂಗಸಿನ ರಕ್ತ ಬಂತು. ಹತ್ತಿರದ ಒಂದು ಸಣ್ಣ ಆಸ್ಪತ್ರೆಯಲ್ಲಿ ತೆಗೆದು ಕಳಿಸಿದ್ದು. ಎರಡನೆಯ ಹೆರಿಗೆ, ಮೊದಲನೆಯದು ಸಿಸೇರಿಯನ್, ಇದೂ ಸಿಸೇರಿಯನ್ ಅಂತ ತೀರ್ಮಾನ ಆಗಿತ್ತು. ಎರಡು ದಿನ ಬಿಟ್ಟು ಆಪರೇಷನ್. ಪೊಲೀಸರು ಅಲ್ಲಲ್ಲಿ ನಿಲ್ಲಿಸಿ, ಹೊರಗೆ ಬಂದ ಕಾರಣ ಬರೆದ ಸತ್ಯವಾಙ್ಮೂಲದ ಕಾಗದ ಕೇಳುತ್ತಿದ್ದರು. ಟ್ಯೂಬು ನಮಗೆ ತಲುಪುವಾಗ ಎರಡು ಗಂಟೆ ಕಳೆದಿತ್ತು.

ಹಿಮೋಗ್ಲೋಬಿನ್ 10.8. ಬಿಳಿ ರಕ್ತಕಣ 13,900. ಪ್ಲೇಟ್‌ಲೆಟ್ 46,000.

ಆಸ್ಪತ್ರೆಯ ಡಾಕ್ಟರಿಗೆ ಫೋನಿನಲ್ಲಿ ಹೇಳಿದೆ, ಇನ್ನೂ ನೋಡಲಿಕ್ಕುಂಟು ಅಂತಲೂ ಹೇಳಿದೆ. ಅವರು ಸುಮ್ಮನಾದರು. ನನಗೆ ಆ ಮೌನ ಅರ್ಥವಾಯಿತು. ಸಿಸೇರಿಯನ್‌ಗೆ ಬೆನ್ನಿಗೆ ಸೂಜಿ ಹಾಕಿ ಅರಿವಳಿಕೆ ಕೊಡುವುದು ರೂಢಿ. ಪ್ಲೇಟ್‌ಲೆಟ್ ಅಷ್ಟು ಕಡಿಮೆ ಇದ್ದರೆ ಬೆನ್ನುಮೂಳೆಯ ಒಳಗೆ ರಕ್ತ ಸೋರಿ ಗಡ್ಡೆಕಟ್ಟುವ ಭಯ. ಅರಿವಳಿಕೆ ಡಾಕ್ಟರು ಒಪ್ಪುವುದಿಲ್ಲ. ಆಪರೇಷನ್ನಿನಲ್ಲಿ ರಕ್ತಸ್ರಾವದ ಭಯ ಬೇರೆ. ಅಂಥ ಸಣ್ಣ ಆಸ್ಪತ್ರೆಯಲ್ಲಿ ಕೈಹಾಕುವ ಹಾಗಿಲ್ಲ, ದೊಡ್ಡ ಕಡೆಗೆ ಕಳಿಸಬೇಕು. ಉತ್ತರಕ್ಕೆ ದಾರಿ ಇಲ್ಲ. ದಕ್ಷಿಣಕ್ಕೆ, ಕಣ್ಣೂರಿನ ಕಡೆಗೆ ಹೋಗಬೇಕು. ಗುರುತು ಪರಿಚಯ ಇಲ್ಲದ ಕಡೆ, ಸರಿಯಾಗಿ ಮಲಯಾಳ ಬಾರದ ತುಂಬು ಬಸುರಿ.

ಮೊದಲು ಟ್ಯೂಬಿನ ಮುಚ್ಚಳ ತೆಗೆದು ಒಂದು ಮರದ ಕಡ್ಡಿ ಇಳಿಸಿ ನಿಧಾನ ತಿರುಗಿಸಿದೆ. ಇದು ಸಣ್ಣ ಕೆಲಸ, ಆದರೆ ಇದೇ ಮೊದಲು ಆಗಬೇಕು. ರಕ್ತ ತೆಗೆಯಲು ಕಷ್ಟವಾಗಿ ಸೂಜಿಯಲ್ಲೇ ತಡವಾದರೆ, ಅಥವಾ ತೆಗೆದ ಮೇಲೆ ಟ್ಯೂಬನ್ನು ಎಂಟು ಹತ್ತು ಸಲ ಮೇಲೆಕೆಳಗೆ ಮಾಡದಿದ್ದರೆ, ಒಳಗೆ ಸಣ್ಣ ಹೆಪ್ಪು ಕಟ್ಟುತ್ತದೆ. ಪ್ಲೇಟ್‌ಲೆಟ್ ಎಲ್ಲ ಆ ಹೆಪ್ಪಿಗೆ ಹೋಗುತ್ತದೆ. ನಿಜ ಹೇಳಬೇಕೆಂದರೆ ಸುಳ್ಳು ಕಡಿಮೆ ಕೌಂಟಿಗೆ ನಾನು ಕಂಡ ಹಾಗೆ ಹೆಚ್ಚಿನ ಸಲ ಕಾರಣ ಇದೇ, ಇಡಿಟಿಎ ಅಲ್ಲ. ಕಡ್ಡಿಗೆ ಏನೂ ಅಂಟಲಿಲ್ಲ. ಹೆಪ್ಪು ಇಲ್ಲ.

ಆಮೇಲೆ ಪರದೆಯ ಮೇಲಿನ ಗೆರೆ ನೋಡಿದೆ. ಪ್ಲೇಟ್‌ಲೆಟ್‌ಗಳ ಗಾತ್ರಕ್ಕೆ ಮೆಷಿನ್ ಒಂದು ಗುಡ್ಡದ ಆಕಾರದ ಗೆರೆ ಎಳೆಯುತ್ತದೆ. ಆರೋಗ್ಯವಂತರಲ್ಲಿ ಅದು ಏರಿ, ಇಳಿದು, ಬಲಗಡೆ ನೆಲ ಮುಟ್ಟುತ್ತದೆ. ಇವಳದ್ದು ಇಳಿಯುತ್ತಾ ಬಂದು ನೆಲ ಮುಟ್ಟದೆ ಮೇಲೆಯೇ ನಿಂತಿತ್ತು. ಪಕ್ಕದಲ್ಲಿ `PLT` ಅಂತ ಇರುವ ಕಡೆ ಒಂದು ನಕ್ಷತ್ರದ ಗುರುತು. ಆ ನಕ್ಷತ್ರ ಪ್ರಿಂಟಿನಲ್ಲಿ ಎಷ್ಟು ಸಣ್ಣದಾಗಿ ಬರುತ್ತದೆ ಅಂದರೆ, 2011ರಲ್ಲಿ ಅದೂ ಇದ್ದಿರಬೇಕು, ನನಗೆ ಕಂಡಿರಲಿಕ್ಕಿಲ್ಲ.

ಆಮೇಲೆ ಸ್ಲೈಡ್, ಬಾಲ. ಮುದ್ದೆಗಳು ಇದ್ದವು.

ಇಲ್ಲಿಗೆ 46,000 ಸುಳ್ಳು ಅಂತ ಗೊತ್ತಾಯಿತು. ಆದರೆ ನಿಜ ಎಷ್ಟು? ಸುಳ್ಳು ಅಂತ ಹೇಳಿದರೆ ಡಾಕ್ಟರಿಗೆ ಸಾಕಾಗುವುದಿಲ್ಲ. ಅವರಿಗೆ ಸೂಜಿ ಹಾಕಲು ಒಂದು ಸಂಖ್ಯೆ ಬೇಕು. ಅವಳನ್ನೇ ಲ್ಯಾಬಿಗೆ ಕರೆಸಿದೆವು. ಗಂಡ ಸ್ಕೂಟರಿನಲ್ಲಿ ಕರೆದುಕೊಂಡು ಬಂದ, ಮಾಸ್ಕಿನ ಮೇಲೆ ಎರಡು ಕಣ್ಣು ಮಾತ್ರ.

"ಪುನಃ ಚುಚ್ಲಿಕ್ಕುಂಟಾ ಅಕ್ಕಾ?"

"ಒಂದೇ ಸಲ. ಎರಡು ಟ್ಯೂಬಿಗೆ ತೆಗೀತೇನೆ."

ಮೊದಲು ನೀಲಿ ಮುಚ್ಚಳದ್ದು, ಆಮೇಲೆ ನೇರಳೆ. ಈ ಕ್ರಮ ತಪ್ಪಬಾರದು, ನೇರಳೆಯ ಇಡಿಟಿಎ ಒಂದು ಹನಿ ನೀಲಿಗೆ ಸೇರಿದರೂ ನಾವು ಮಾಡುವ ಪರೀಕ್ಷೆಗೆ ಅರ್ಥ ಇಲ್ಲ. ನೀಲಿಯಲ್ಲಿ ಇರುವುದು ಸಿಟ್ರೇಟ್. ಅದೂ ಕ್ಯಾಲ್ಸಿಯಂ ಹಿಡಿಯುತ್ತದೆ, ಆದರೆ ಈ ಅಂಟಿನ ಪ್ರತಿಕಾಯಕ್ಕೆ ಅಷ್ಟಾಗಿ ಅವಕಾಶ ಕೊಡುವುದಿಲ್ಲ. ನಮ್ಮಲ್ಲಿರುವ ನೀಲಿ ಟ್ಯೂಬಿನಲ್ಲಿ 0.3 ಮಿಲಿ ದ್ರಾವಣ ಮೊದಲೇ ಇರುತ್ತದೆ, ಅದಕ್ಕೆ ಗೆರೆಯವರೆಗೆ 2.7 ಮಿಲಿ ರಕ್ತ ತುಂಬಬೇಕು. ಗೆರೆಗಿಂತ ಕಡಿಮೆ ತುಂಬಿದರೆ ರಕ್ತ ಜಾಸ್ತಿ ತೆಳುವಾಗಿ ಲೆಕ್ಕ ತಪ್ಪುತ್ತದೆ.

ಎರಡೂ ಟ್ಯೂಬನ್ನು ಕೂಡಲೇ ಮೆಷಿನ್‌ಗೆ ಹಾಕಿದೆ. ಅರ್ಧ ಗಂಟೆ ಬಿಟ್ಟು ನೇರಳೆಯನ್ನು ಪುನಃ. ಒಂದು ಗಂಟೆಗೆ ಎರಡನ್ನೂ ಪುನಃ. ನೋಟ್‌ಪುಸ್ತಕದ ಆ ಹಾಳೆ ನನ್ನ ಹತ್ತಿರ ಇನ್ನೂ ಇದೆ. ನೇರಳೆ ಟ್ಯೂಬಿನಲ್ಲಿ ಐದು ನಿಮಿಷಕ್ಕೆ 1,31,000. ಅರ್ಧ ಗಂಟೆಗೆ 88,000. ಒಂದು ಗಂಟೆಗೆ 57,000. ಟೇಬಲ್ ಮೇಲೆ ಸುಮ್ನೆ ಕೂತ ಟ್ಯೂಬಿನಲ್ಲಿ ನನ್ನ ಕಣ್ಣೆದುರೇ ಪ್ಲೇಟ್‌ಲೆಟ್ ಕಾಣೆಯಾಗುತ್ತಿತ್ತು. ನೀಲಿಯಲ್ಲಿ ಐದು ನಿಮಿಷಕ್ಕೆ 1,49,000, ಒಂದು ಗಂಟೆಗೆ 1,46,000. ಅಲುಗಾಡಲಿಲ್ಲ.

ನೀಲಿಯ ಸಂಖ್ಯೆಯನ್ನು ಹಾಗೆಯೇ ಬರೆಯುವಂತಿಲ್ಲ. ಹತ್ತರಲ್ಲಿ ಒಂದು ಪಾಲು ದ್ರಾವಣ ಸೇರಿ ರಕ್ತ ತೆಳುವಾಗಿದೆಯಲ್ಲ, ಅದಕ್ಕೆ 1.1ರಿಂದ ಗುಣಿಸಬೇಕು. 1,49,000ಕ್ಕೆ ಸುಮಾರು 1,64,000 ಆಯಿತು. ಬಿಳಿ ರಕ್ತಕಣವೂ ನೀಲಿಯಲ್ಲಿ ಕೆಳಗೆ ಬಂತು, ಗುಣಿಸಿದರೆ 11,000ದ ಹತ್ತಿರ. ತುಂಬು ಬಸುರಿಯಲ್ಲಿ ಅದು ಸಹಜವೇ. ಇಷ್ಟಾದ ಮೇಲೂ ಒಂದು ಸಾಕ್ಷಿ ಬೇಕು ಅನಿಸಿತು. ನೀಲಿಯ ಸ್ಲೈಡ್ ಮಾಡಿ ಎಣ್ಣೆ ಹಾಕಿ ನೋಡುವ ದೊಡ್ಡ ಲೆನ್ಸಿನಲ್ಲಿ ಹತ್ತು ಕಡೆ ಎಣಿಸಿದೆ. ಒಂದೊಂದು ಕಡೆ ಸರಾಸರಿ ಹತ್ತು ಪ್ಲೇಟ್‌ಲೆಟ್. ಒಂದಕ್ಕೆ ಹದಿನೈದು ಸಾವಿರ ಅಂತ ನಮ್ಮ ಅಂದಾಜು ಲೆಕ್ಕ. ಒಂದೂವರೆ ಲಕ್ಷ. ಕಣ್ಣು, ಮೆಷಿನ್ ಎರಡೂ ಒಂದೇ ಕಡೆ ಬಂದವು.

ಅವಳ ಫೈಲ್ ತೆಗೆಸಿ ನೋಡಿದಾಗ ಇನ್ನೊಂದು ಸಿಕ್ಕಿತು. ಡಿಸೆಂಬರಿನಲ್ಲಿ ನಮ್ಮಲ್ಲೇ ಪರೀಕ್ಷೆ ಮಾಡಿದ್ದಳು, ಆಗ 1,62,000. ಲ್ಯಾಬಿನಲ್ಲೇ ರಕ್ತ ತೆಗೆದು ಹತ್ತು ನಿಮಿಷದೊಳಗೆ ಹಾಕಿದ್ದೆ. ಗುಂಪು ಕಟ್ಟಲು ಸಮಯ ಸಿಕ್ಕಿರಲಿಲ್ಲವೋ ಏನೋ. ಲಾಕ್‌ಡೌನ್ ಇಲ್ಲದೆ ಟ್ಯೂಬು ಕೂಡಲೇ ತಲುಪಿದ್ದರೆ ಈ ಸಲವೂ ನಮಗೆ ಗೊತ್ತಾಗುತ್ತಿರಲಿಲ್ಲ.

ರಿಪೋರ್ಟಿನಲ್ಲಿ 1,64,000 ಅಂತ ಮಾತ್ರ ಬರೆದರೆ ಸಾಲದು. ನಾಳೆ ಬೇರೆ ಲ್ಯಾಬಿನವರು 50,000 ಅಂತ ಕೊಟ್ಟರೆ ಪುನಃ ಅದೇ ಗಾಬರಿ. ಕೆಳಗೆ ಟಿಪ್ಪಣಿ ಬರೆದು, ನಮ್ಮ ಪೆಥಾಲಜಿ ಡಾಕ್ಟರಿಗೆ ಸ್ಲೈಡಿನ ಫೋಟೋ ಕಳಿಸಿ, ಅವರ ಒಪ್ಪಿಗೆ ಪಡೆದು ಕೊಟ್ಟೆ. ಬಿಪಿ, ಮೂತ್ರ ಎಲ್ಲ ಸರಿ ಇತ್ತು ಅಂತ ಅವಳ ಡಾಕ್ಟರು ಹೇಳಿದರು. ಎಲ್ಲ ಸೇರಿಸಿ ನೋಡಿ, ಇಲ್ಲೇ ಮಾಡುವುದು ಅಂತ ಅವರು ನಿರ್ಧರಿಸಿದರು. ಎರಡು ದಿನ ಬಿಟ್ಟು ಹೆಣ್ಣು ಮಗು.

ಇಷ್ಟು ಓದಿದವರಿಗೆ ಒಂದು ಅಪಾಯ ಇದೆ. ನನಗೂ ಇತ್ತು. ಕಡಿಮೆ ಕೌಂಟ್ ಕಂಡ ಕೂಡಲೇ 'ಗುಂಪು ಕಟ್ಟಿರಬೇಕು' ಅಂತ ಅಂದುಕೊಳ್ಳುವ ಅಪಾಯ. ಒಳ್ಳೆಯ ಸುದ್ದಿ ಯಾರಿಗೆ ಬೇಡ?

ಒಂದು ಮಳೆಗಾಲ ಕಾಲೇಜಿಗೆ ಹೋಗುವ ಹುಡುಗ ಬಂದ. ಜ್ವರ ಶುರುವಾಗಿ ಐದನೆಯ ದಿನ. ಜ್ವರ ಬಿಟ್ಟಿತ್ತು. ತಾಯಿಗೆ ಖುಷಿ. "ನಿನ್ನೆಯಿಂದ ಜ್ವರ ಇಲ್ಲ ಸಿಸ್ಟರ್, ಡಾಕ್ಟರು ಹೇಳಿದ್ರು ಅಂತ ಬಂದದ್ದು" ಅಂದರು. ಪ್ಲೇಟ್‌ಲೆಟ್ 41,000. ಬಾಲ ನೋಡಿದೆ, ಖಾಲಿ. ಇನ್ನೊಂದು ಸ್ಲೈಡ್ ಎಳೆದೆ, ಅದರಲ್ಲೂ ಖಾಲಿ. ನಡುವೆ ಎಣಿಸಿದರೆ ಒಂದೊಂದು ಕಡೆ ಎರಡು, ಮೂರು. ಬಿಳಿ ರಕ್ತಕಣ 2,600. ಇಲ್ಲಿ ಎಲ್ಲ ಸಾಲೂ ಒಂದೇ ಮಾತು ಹೇಳುತ್ತಿತ್ತು. ಕೌಂಟ್ ನಿಜವಾಗಿಯೂ ಕಡಿಮೆ.

ಆದರೆ ನನಗೆ ಹೆದರಿಕೆ ಆದದ್ದು 41,000 ನೋಡಿ ಅಲ್ಲ. ಅದರ ಮೇಲಿನ ಸಾಲು ನೋಡಿ. ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪು ಕಣದ ಪಾಲು ಎಷ್ಟು ಅಂತ ಹೇಳುವ ಸಂಖ್ಯೆ. ಹಿಂದಿನ ದಿನ 40 ಇದ್ದದ್ದು 48 ಆಗಿತ್ತು. ಒಂದು ರಾತ್ರಿಯಲ್ಲಿ ಅಷ್ಟು ಕೆಂಪು ಕಣ ಹುಟ್ಟುವುದಿಲ್ಲ. ನೀರಿನ ಅಂಶ ರಕ್ತನಾಳದಿಂದ ಹೊರಗೆ ಸೋರಿ, ಉಳಿದ ರಕ್ತ ಗಟ್ಟಿಯಾಗಿದೆ ಅಂತ ಅರ್ಥ. ಡೆಂಗ್ಯೂವಿನಲ್ಲಿ ಹೆಚ್ಚು ಜನ ಕುಸಿಯುವುದು ಹೀಗೆ ಸೋರಿದಾಗ, ಅದೂ ಜ್ವರ ಬಿಡುವ ಹೊತ್ತಿನಲ್ಲಿ. ಶೇಕಡಾ 20ರಷ್ಟು ಏರಿದರೆ ಡಾಕ್ಟರುಗಳು ಅದನ್ನು ಎಚ್ಚರಿಕೆಯ ಗೆರೆ ಅಂತ ಎಣಿಸುತ್ತಾರೆ. ಇವನದ್ದು ಸರಿಯಾಗಿ ಅಲ್ಲಿಗೆ ಬಂದಿತ್ತು. ಕಾಗದ ಟೈಪ್ ಮಾಡುವ ಮೊದಲೇ ಡಾಕ್ಟರಿಗೆ ಫೋನ್ ಮಾಡಿದೆ. ಹುಡುಗನನ್ನು ಮನೆಗೆ ಕಳಿಸದೆ ಅಡ್ಮಿಟ್ ಮಾಡಿ ಡ್ರಿಪ್ ಹಾಕಿದರು. ಮೂರನೆಯ ದಿನಕ್ಕೆ ಎದ್ದು ಕೂತ. ಪ್ಲೇಟ್‌ಲೆಟ್ ಹಾಕುವ ಅಗತ್ಯ ಬರಲಿಲ್ಲ. ತಾನಾಗಿ ಏರಿತು. ನಮ್ಮ ಊರಿನಲ್ಲಿ ಪಿಸಿವಿ ಎಷ್ಟು ಅಂತ ಬಸ್‌ಸ್ಟಾಂಡಿನಲ್ಲಿ ಕೇಳುವವರು ಇನ್ನೂ ಯಾರೂ ಇಲ್ಲ.

ನೀಲಿ ಟ್ಯೂಬಿಗೂ ಮಿತಿ ಉಂಟು. ಅಪರೂಪಕ್ಕೆ ಕೆಲವರದ್ದು ಸಿಟ್ರೇಟ್‌ನಲ್ಲೂ ಗುಂಪು ಕಟ್ಟುತ್ತದೆ. ಆಗ ತೆಗೆದ ಕೂಡಲೇ, ರಕ್ತ ಬೆಚ್ಚಗಿರುವಾಗಲೇ ಎಣಿಸಿ, ಸ್ಲೈಡ್ ಅಂದಾಜು ಸೇರಿಸಿ, 'ಇಷ್ಟಕ್ಕಿಂತ ಕಡಿಮೆ ಇಲ್ಲ' ಅಂತ ಬರೆಯುವುದೇ ದಾರಿ. ಬೆರಳು ಚುಚ್ಚಿ ನೇರ ಸ್ಲೈಡ್ ಮಾಡಿದರೆ ಸರಿಯಾಗುತ್ತದೆ ಅಂತ ಕೆಲವರು ಹೇಳುತ್ತಾರೆ. ಆದರೆ ಇಡಿಟಿಎ, ಸಿಟ್ರೇಟ್ ಯಾವುದೂ ಸೇರದ ರಕ್ತದಲ್ಲಿ ಪ್ಲೇಟ್‌ಲೆಟ್ ಯಾರದ್ದಾದರೂ ಸ್ವಲ್ಪ ಅಂಟಿಕೊಳ್ಳುತ್ತದೆ. ಅದನ್ನು ನೋಡಿ 'ಇವರಿಗೂ ಆ ತೊಂದರೆ' ಅಂತ ಬರೆದುಬಿಟ್ಟರೆ ಮತ್ತೊಂದು ಗೊಂದಲ.

ಇನ್ನು ಮಳೆಗಾಲದ ಸ್ಲೈಡಿನ ಕಥೆ. ಪುಸ್ತಕದಲ್ಲಿ 'ಗಾಳಿಗೆ ಒಣಗಿಸಿ' ಅಂತ ಒಂದು ಸಾಲಿನಲ್ಲಿ ಬರೆದಿರುತ್ತಾರೆ. ಜುಲೈಯಲ್ಲಿ ಇಲ್ಲಿ ಒಗೆದ ಬಟ್ಟೆ ನಾಲ್ಕು ದಿನಕ್ಕೂ ಒಣಗುವುದಿಲ್ಲ, ಸ್ಲೈಡ್ ಎಲ್ಲಿಂದ ಒಣಗಬೇಕು? ನಿಧಾನವಾಗಿ ಒಣಗಿದ ಸ್ಲೈಡಿನಲ್ಲಿ ಕೆಂಪು ಕಣದ ಮೇಲೆ ಹೊಳೆಯುವ ತೂತುಗಳು ಕಾಣುತ್ತವೆ, ಹುಳ ತಿಂದ ಹಾಗೆ. ನಾವು ಬಳಸುವ ಲೀಶ್ಮನ್ ಬಣ್ಣ ಮೆಥನಾಲ್‌ನಲ್ಲಿ ಕಲಸಿದ್ದು. ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಬಾಟಲಿ ತೆರೆದಿಟ್ಟರೆ ಎರಡೇ ವಾರದಲ್ಲಿ ಬಣ್ಣ ಕೆಡುತ್ತದೆ. ಹೊಸಬರು ಆ ಹೊಳೆಯುವ ಚುಕ್ಕಿ ನೋಡಿ ಮಲೇರಿಯಾ ಅಂತ ಓಡಿಬಂದದ್ದುಂಟು. ಲೆನ್ಸನ್ನು ಸ್ವಲ್ಪ ಮೇಲೆಕೆಳಗೆ ಮಾಡಿದರೆ ಚುಕ್ಕಿ ಮಿನುಗುತ್ತದೆ. ನಿಜವಾದ ಪರೋಪಜೀವಿ ಹಾಗೆ ಮಿನುಗುವುದಿಲ್ಲ. ಮಾಷ್ಟ್ರು ಟೇಬಲ್ ಫ್ಯಾನಿನ ಎದುರು ಸ್ಲೈಡ್ ಹಿಡಿದು ಬೀಸುತ್ತಿದ್ದರು. ನಾನು ಕೂದಲು ಒಣಗಿಸುವ ಡ್ರೈಯರ್ ತಂದಿಟ್ಟಿದ್ದೇನೆ, ತಣ್ಣನೆ ಗಾಳಿಯಲ್ಲಿ ಇಟ್ಟು ಊದುತ್ತೇನೆ. ಬಣ್ಣವನ್ನು ಸಣ್ಣ ಸಣ್ಣ ಬಾಟಲಿಗೆ ಹಂಚಿ, ಒಂದು ಮುಗಿದ ಮೇಲೆ ಇನ್ನೊಂದು ತೆರೆಯುತ್ತೇನೆ. ಮನೆಯಲ್ಲಿ ಡ್ರೈಯರ್ ಎಲ್ಲಿ ಅಂತ ಮಗಳು ಇನ್ನೂ ಕೇಳುತ್ತಾಳೆ.

ಆ ಬಸುರಿ ಹೆಂಗಸಿಗೆ ಆಗ ನಾನು ಒಂದು ಚೀಟಿ ಮಾಡಿಕೊಟ್ಟಿದ್ದೆ. 'ಇವರ ರಕ್ತದ ಪ್ಲೇಟ್‌ಲೆಟ್ ಇಡಿಟಿಎ ಟ್ಯೂಬಿನಲ್ಲಿ ಗುಂಪು ಕಟ್ಟುತ್ತದೆ. ಸಿಟ್ರೇಟ್ ಟ್ಯೂಬಿನಲ್ಲಿ ತೆಗೆದು ಕೂಡಲೇ ಎಣಿಸಿ, ಸ್ಲೈಡ್ ನೋಡಿ.' ಇದನ್ನು ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಬರೆದೆ. ಯಾವ ಕಡೆಗೆ ಹೋಗಬೇಕಾಗುತ್ತದೋ ಯಾರಿಗೆ ಗೊತ್ತು. ಮಲಯಾಳದ್ದನ್ನು ಪಕ್ಕದ ಮೆಡಿಕಲ್ ಶಾಪಿನ ಹುಡುಗನಿಂದ ತಿದ್ದಿಸಿದೆ. ಗಂಡ ಅದಕ್ಕೆ ಲ್ಯಾಮಿನೇಷನ್ ಮಾಡಿಸಿಕೊಂಡ.

ಮೊನ್ನೆ ಜೂನ್ ಮೊದಲ ವಾರ ಅವಳು ಬಂದಳು, ನಾಲ್ಕು ದಿನದ ಜ್ವರ. ಜೊತೆಗೆ ಐದು ವರ್ಷದ ಮಗಳು, ಹೊಸ ಚೀಲ, ಹೊಸ ಕೊಡೆ. ನಾನು ಒಳಗೆ ಮೈಕ್ರೋಸ್ಕೋಪಿನ ಹತ್ತಿರ ಇದ್ದೆ. ಮುಂದೆ ಕೂತಿದ್ದವಳು ನಮ್ಮಲ್ಲಿಗೆ ಹೊಸದಾಗಿ ಸೇರಿದ ಹುಡುಗಿ. ಅವಳು ಕೈಗೆ ಪಟ್ಟಿ ಕಟ್ಟಿ, ನೇರಳೆ ಟ್ಯೂಬ್ ತೆಗೆದಿಟ್ಟುಕೊಂಡಿದ್ದಳು.

"ಅದಲ್ಲ," ಅಂತ ಹೊರಗಿನಿಂದ ಕೇಳಿಸಿತು. "ನನಗೆ ನೀಲಿ ಮುಚ್ಚಳದ್ದು ಸಹ ಬೇಕು. ಮೊದಲು ನೀಲಿ."

ಹುಡುಗಿ ಒಳಗೆ ಬಂದಳು. ಕೈಯಲ್ಲಿ ಆ ಚೀಟಿ, ಮೂಲೆಯಲ್ಲಿ ಲ್ಯಾಮಿನೇಷನ್ ಸ್ವಲ್ಪ ಎದ್ದಿತ್ತು.

"ಅಕ್ಕಾ, ಇದು ಎಂತದು?"

"ಪಟ್ಟಿ ಬಿಚ್ಚಿ ಬಂದ್ಯಾ?" ಅಂತ ಕೇಳಿದೆ. ಬಿಚ್ಚಿರಲಿಲ್ಲ, ಓಡಿದಳು. ನಾನು ಡ್ರಾಯರಿನಿಂದ ಒಂದು ನೀಲಿ ಟ್ಯೂಬ್ ತೆಗೆದು, ಬೆಳಕಿಗೆ ಹಿಡಿದು ಗೆರೆ ಸರಿಯಾಗಿ ಕಾಣುತ್ತದಾ ನೋಡಿ, ಹಿಂದೆಯೇ ಹೋದೆ.